ಬಾಯಿಮಾತಿನ ಪ್ರಭಾರ: ಭತ್ಯೆ ಕೇಳುವುದು ಹೇಗೆ?

ಪ್ರಶ್ನೆ: ಕೊಪ್ಪಳದ ಸರ್ಕಾರಿ ಕಚೇರಿಯಲ್ಲಿ ಎಫ್‌ಡಿಎ ಇದ್ದೀನಿ. ಅಧೀಕ್ಷಕರು ನಿವೃತ್ತರಾದ ಮೇಲೆ ಎಂಟು ತಿಂಗಳಿಂದ ಅವರ ಕೆಲಸವೂ ನನ್ನದೇ. ಪದನಾಮವೂ ಇಲ್ಲ, ಹಣವೂ ಇಲ್ಲ. ಏನ್ ಮಾಡ್ಲಿ?

ಉತ್ತರ: ಮೊದಲು ಹೇಳಿ, ಕೈಯಲ್ಲಿ ಆದೇಶದ ಪ್ರತಿ ಇದೆಯೇ? "ಸ್ವಲ್ಪ ದಿನ ನೀವೇ ನೋಡ್ಕೊಳ್ರಿ" ಅಂತ ಸಾಹೇಬರು ಬಾಯಲ್ಲಿ ಹೇಳಿದ್ದಷ್ಟೇ ಆದರೆ ತೊಡಕು ಅಲ್ಲೇ ಇದೆ. ಆದೇಶವಿಲ್ಲದ ಬಿಲ್ಲನ್ನು ಖಜಾನೆ ಆಕ್ಷೇಪಿಸಿ ವಾಪಸ್ ಕಳಿಸುತ್ತದೆ.

ಖಾಲಿ ಹುದ್ದೆಯ ಪ್ರಭಾರಕ್ಕೆ ಕೆಸಿಎಸ್‌ಆರ್ ನಿಯಮ 32, ಪ್ರಭಾರ ಭತ್ಯೆಗೆ ನಿಯಮ 68 ಇವೆ. ಹುದ್ದೆ ಖಾಲಿಯಾದ ದಿನಾಂಕ, ನೀವು ಕೆಲಸ ಶುರುಮಾಡಿದ ದಿನಾಂಕ ನಮೂದಿಸಿ, ಈ ನಿಯಮಗಳಡಿ ಆದೇಶ ಕೋರಿ ಕಚೇರಿ ಮುಖ್ಯಸ್ಥರ ಮೂಲಕ ಸಕ್ಷಮ ಪ್ರಾಧಿಕಾರಕ್ಕೆ ಮನವಿ ಕೊಡಿ. ಅಧೀಕ್ಷಕರ ಜಾಗದಲ್ಲಿ ನೀವು ಸಹಿ ಹಾಕಿದ ಟಿಪ್ಪಣಿ ಹಾಳೆಗಳ ಪ್ರತಿ ಲಗತ್ತಿಸಿ. ಬರೀ ದಿನನಿತ್ಯದ ಕಾಗದ ನೋಡಿಕೊಂಡಿರಿ ಎಂಬ ತಕರಾರಿಗೆ ಅದೇ ಉತ್ತರ. ಸ್ವೀಕೃತಿ ಮುದ್ರೆ ಹಾಕಿಸದೆ ಮನವಿ ಕೊಡಲೇಬೇಡಿ.

ಆದೇಶ ಬಂದಾಗ ಯಾವ ದಿನಾಂಕದಿಂದ ಜಾರಿ ಅನ್ನುವ ಸಾಲನ್ನು ಮೊದಲು ಓದಿ. "ಆದೇಶದ ದಿನಾಂಕದಿಂದ" ಎಂದಿದ್ದರೆ ಹಿಂದಿನ ಎಂಟು ತಿಂಗಳು ಕೈಬಿಟ್ಟಂತೆ. ಕೂಡಲೇ ತಿದ್ದುಪಡಿ ಕೇಳಿ. ಆದರೆ ಪ್ರಭಾರದಿಂದ ಬಡ್ತಿಯ ಹಕ್ಕಾಗಲಿ ಜ್ಯೇಷ್ಠತೆಯಾಗಲಿ ಬರುವುದಿಲ್ಲ, ಅದಕ್ಕೆ ಜ್ಯೇಷ್ಠತಾ ಪಟ್ಟಿಯ ದಾರಿಯೇ ಬೇರೆ.