ಮನ್ಯಾಗ ಚಟ್ನಿಪುಡಿ ಮಾಡಿ ಮಾರ್ತೀನಿ, ಎಕ್ಸಿಬಿಷನ್ ಮುಗಿದ ಮ್ಯಾಲ ಯಾರೂ ತಿರುಗಿ ಕೇಳಲ್ಲ. ಇನ್‌ಸ್ಟಾಗ್ರಾಮ್‌ನಾಗ ಫಾಲೋವರ್ಸ್ ಹೆಂಗ ಹೆಚ್ಚು ಮಾಡ್ಕೋಬೇಕು?

ಅಕ್ಕಾರ, ಫಾಲೋವರ್ಸ್ ಚಿಂತಿ ಮೊದಲು ಬಿಡ್ರಿ. ನಾನು ಕೊಪ್ಪಳದಾಕಿ, ಎರಡು ವರ್ಷದ ಹಿಂದ ಗವಿಮಠದ ಜಾತ್ರ್ಯಾಗ ಸ್ಟಾಲ್ ಹಾಕಿದ್ದೆ. ಶೇಂಗಾ ಪುಡಿ, ಗುರೆಳ್ಳು ಪುಡಿ, ಎಲ್ಲಾ ಕಾಲು ಕಿಲೋ ಪಾಕೀಟು, ಮೂರು ದಿನದಾಗ 140 ಹೋದ್ವು. ರೊಟ್ಟಿ ತುಂಡಿಗೆ ಪುಡಿ, ಎಣ್ಣಿ ಹಚ್ಚಿ ಕೊಟ್ರ ಮಂದಿ ಅಲ್ಲೇ ನಿಂತು ತಗೊಳ್ತಿದ್ರು. 62 ಮಂದಿ ನಂಬರ್ ನೋಟ್‌ಬುಕ್ಕಿನಾಗ ಬರಕೊಂಡು ಬಂದೆ, ಇನ್ನೇನು ಗಿರಾಕಿ ಸಿಕ್ಕ್ರು ಅಂತ.

ತಪ್ಪಾಗಿದ್ದು ಅಲ್ಲೇ ನೋಡ್ರಿ. ಅವರ ನಂಬರ್ ನನ್ನ ಫೋನಿನಾಗ ಇತ್ತು, ನನ್ನ ನಂಬರ್ ಅವರ ಫೋನಿನಾಗ ಇರಲಿಲ್ಲ. ತಿಂಗಳಾದ ಮ್ಯಾಲ ವಾಟ್ಸಾಪ್‌ನಾಗ ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿ "ಹೊಸ ಪುಡಿ ರೆಡಿ ಅದ" ಅಂತ ಕಳಿಸಿದೆ, ಒಂದೂ ಆರ್ಡರ್ ಬರಲಿಲ್ಲ, ನನ್ನ ಪುಡಿನೇ ಸೇರಲಿಲ್ಲೇನೋ ಅಂತ ಎರಡು ದಿನ ಮನಸ್ಸಿಗೆ ಭಾಳ ಹತ್ತಿತು. ಆಮ್ಯಾಲ ತಂಗಿ ಮಗ ಮೆಸೇಜ್ ಒತ್ತಿ ಹಿಡದು ಇನ್ಫೋ ತೋರಿಸಿದ, ಮುಟ್ಟಿದ್ದು ಏಳೇ ಮಂದಿಗೆ. ಬ್ರಾಡ್‌ಕಾಸ್ಟ್ ಮೆಸೇಜು ನಮ್ಮ ನಂಬರ್ ಸೇವ್ ಮಾಡ್ಕೊಂಡವ್ರಿಗೆ ಮಾತ್ರ ಹೋಗ್ತದ, ಉಳಿದವ್ರಿಗೆ ಒಂದೇ ಟಿಕ್. ಪಾಕೀಟಿನ ಮ್ಯಾಲೂ ಬರೇ ಹೆಸರು ಹಾಕಿಸಿದ್ದೆ, ಫೋನ್ ನಂಬರ್ ಇಲ್ಲ. ಪುಡಿ ಮೆಚ್ಚಿದವ್ರಿಗೂ ನನ್ನ ಹುಡುಕಾಕ ದಾರಿನೇ ಇರಲಿಲ್ಲ.

ಮರುವರ್ಷ ಸ್ಟಾಲಿನಾಗ ರೊಕ್ಕ ತಗೊಳ್ಳೋಕಿಂತ ಮೊದಲು "ನನ್ನ ನಂಬರ್ ಸೇವ್ ಮಾಡ್ಕೊಳ್ರಿ, ಹೆಸರು 'ಶೇಂಗಾ ಪುಡಿ ಕೊಪ್ಪಳ' ಅಂತ ಹಾಕ್ರಿ, ಒಂದು ಹಾಯ್ ಕಳಿಸ್ರಿ" ಅಂದೆ. ಬ್ರ್ಯಾಂಡ್ ಹೆಸರು ಯಾರಿಗೂ ನೆನಪಿರಲ್ಲ, ಪದಾರ್ಥದ ಹೆಸರು ಇದ್ರ ಪುಡಿ ತೀರಿದಾಗ ಫೋನಿನಾಗ ಹುಡುಕ್ತಾರ. ಮನ್ಯಾಗ ಎಷ್ಟು ಮಂದಿ ಅಂತನೂ ಕೇಳಿ ಬರಕೊಂಡೆ. ನಾಕು ಮಂದಿ ಮನಿಗೆ ಕಾಲು ಕಿಲೋ ಸುಮಾರು ಮೂರು ವಾರ ಬರ್ತದ, ಹಂಗಾಗಿ 18ನೇ ದಿನಕ್ಕ ಒಬ್ಬೊಬ್ಬರಿಗೂ ಬ್ಯಾರೆ ಬ್ಯಾರೆ ಮೆಸೇಜ್, "ಅಕ್ಕಾರ, ಪುಡಿ ತೀರಿತೇನ್ರಿ, ಖಾರ ಹೆಂಗಿತ್ತು?" 41 ಮಂದ್ಯಾಗ 17 ಮಂದಿ ಮತ್ತ ತಗೊಂಡ್ರು. ಅದ್ರಾಗ ಒಬ್ಬ ಟೀಚರ್ ತಮ್ಮ ಸ್ಟಾಫ್‌ರೂಮಿಗೆಲ್ಲ ತರಿಸ್ತಾರ, ಈಗ ತಿಂಗಳಿಗೆ ಆರು ಕಿಲೋ ಅವರದ ಅದ.

ಅರ್ಧ ಕಿಲೋ ಪಾಕೀಟು ಮಾಡಾಕ ಹೋಗಬ್ಯಾಡ್ರಿ. ಬ್ಯಾಸಗ್ಯಾಗ ಶೇಂಗಾ ಎಣ್ಣಿ ಬಿಟ್ಟು ಕಮಟು ವಾಸನಿ ಬರ್ತದ, ತಳದಾಗಿಂದು ತಿಂದವ್ರು ಮತ್ತ ಕೇಳಲ್ಲ.

ಇನ್‌ಸ್ಟಾಗ್ರಾಮ್ ನಾನೂ ಇಟ್ಟೀನಿ. ಆದ್ರ ಅಲ್ಲಿಂದ ಕೇಳೋರು ಬೆಂಗಳೂರು, ಪುಣೆದವ್ರು, ಕಾಲು ಕಿಲೋಕ್ಕ ಕೊರಿಯರ್ ಖರ್ಚೇ ಭಾರ ಆಗ್ತದ, ಅದಕ್ಕ ಒಂದು ಕಿಲೋಕ್ಕಿಂತ ಕಡಿಮಿ ಕಳಿಸಲ್ಲ. ಅಲ್ಲಿ ಹುರಿಯೋದು, ಕುಟ್ಟೋದು, ಪಾಕೀಟಿನ ಮ್ಯಾಲಿನ FSSAI ನಂಬರ್ ಇಷ್ಟು ಕಾಣಂಗ ಹಾಕ್ರಿ ಸಾಕು. ಟೀಚರ್ ಹೇಳಿದ್ದು ಕೇಳಿ ಫೋನ್ ಮಾಡೋರು ಮೊದಲು ಅದನ್ನ ನೋಡಿ ಆಮ್ಯಾಲ ಆರ್ಡರ್ ಕೊಡ್ತಾರ. ಹಳೆ ಪಾಕೀಟು ಉಳಿದಿದ್ರ ಇವತ್ತೇ ಅದ್ರ ಮ್ಯಾಲ ಪೆನ್ನಿನಾಗ ಆದ್ರೂ ನಿಮ್ಮ ಫೋನ್ ನಂಬರ್ ಬರೀರಿ.