ಹೈಡ್ ಮಾಡಿದ ಕಾಲಂ ಫೈಲಿನಲ್ಲೇ ಇರುತ್ತದೆ

“ತಿಂಗಳ ಖರ್ಚಿನ ಎಕ್ಸೆಲ್ ಫೈಲನ್ನು ನಮ್ಮ ಮುಂಬೈ, ಪುಣೆ, ಮಡಗಾಂವ್ ಶಾಖೆಗಳ ಎಲ್ಲರಿಗೂ ಕಳಿಸುವ ಕೆಲಸ ನನ್ನದು. ಸಂಬಳದ ಕಾಲಂ, ಸಪ್ಲೈಯರ್ ದರಗಳ ಶೀಟ್ ಎರಡನ್ನೂ ಹೈಡ್ ಮಾಡುತ್ತೇನೆ. ಶಾಖೆಯ ಮೊತ್ತ, ಸರಾಸರಿ ಮಾತ್ರ ಕಾಣುತ್ತವೆ. ಇಷ್ಟು ಸಾಕಲ್ವಾ?”
— ಒಬ್ಬ ಓದುಗರು, ಡೊಂಬಿವಲಿ

ಸಾಲದು. ಈ ತಿಂಗಳ ಫೈಲ್ ಹೋಗುವ ಮೊದಲೇ ಇದನ್ನು ಓದುತ್ತೀರಿ ಎಂದುಕೊಂಡಿದ್ದೇನೆ.

ಶೀಟಿನ ಹೆಸರಿನ ಮೇಲೆ ಬಲಗಡೆ ಕ್ಲಿಕ್ ಮಾಡಿ Unhide ಒತ್ತಿದರೆ ದರಗಳೆಲ್ಲ ಹೊರಬರುತ್ತವೆ. 2023ರ ಆಗಸ್ಟಿನಲ್ಲಿ ಉತ್ತರ ಐರ್ಲೆಂಡಿನ ಪೊಲೀಸ್ ಇಲಾಖೆ ಒಂದು ಮಾಹಿತಿ ಅರ್ಜಿಗೆ ಎಕ್ಸೆಲ್ ಫೈಲಿನಲ್ಲಿ ಉತ್ತರ ಕೊಟ್ಟಿತು. ಅದರಲ್ಲಿ ಕಣ್ಣಿಗೆ ಬೀಳದ ಒಂದು ಶೀಟ್ ಉಳಿದುಹೋಗಿತ್ತು. ಸುಮಾರು 9,500 ಸಿಬ್ಬಂದಿಯ ವಿವರ ಬಯಲಾಯಿತು. ಪೊಲೀಸರೆಂದು ಗೊತ್ತಾದರೆ ಜೀವಕ್ಕೇ ಅಪಾಯವಿರುವ ಊರು ಅದು.

ಶೀಟನ್ನು ಅಳಿಸಿದರೂ ಮುಗಿಯಲಿಲ್ಲ. ಮೊತ್ತಗಳನ್ನು ಪಿವಟ್ ಟೇಬಲ್‌ನಿಂದ ತೆಗೆದಿದ್ದರೆ, ಮೂಲ ಸಾಲುಗಳ ಒಂದು ಪ್ರತಿ ಸಾಮಾನ್ಯವಾಗಿ ಆ ಟೇಬಲ್ಲಿನ ಒಳಗೇ ಇರುತ್ತದೆ. ಮೊತ್ತದ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಹೆಸರು, ಸಂಬಳ ಎಲ್ಲ ಹೊಸ ಶೀಟಿನಲ್ಲಿ ಬಿಚ್ಚಿಕೊಳ್ಳುತ್ತವೆ. ನಿಮ್ಮ ಫೈಲಿನಲ್ಲೇ ಒಮ್ಮೆ ಮಾಡಿ ನೋಡಿ.

ಹಾಗಾಗಿ ಹಳೆಯ ಫೈಲನ್ನು ತಿದ್ದುತ್ತಾ ಕೂರಬೇಡಿ, ಹೊಸ ಖಾಲಿ ಫೈಲ್ ತೆರೆಯಿರಿ. ಹಳೆಯದರಲ್ಲಿ ಬೇಕಾದ ಭಾಗ ಆರಿಸಿ `Alt + ;` ಒತ್ತಿ, ಆಮೇಲೆ `Ctrl + C`. ಆಗ ಕಾಣುವ ಮನೆಗಳಷ್ಟೇ ಕಾಪಿ ಆಗುತ್ತವೆ. ಇಲ್ಲದಿದ್ದರೆ ಹೈಡ್ ಆದ ಕಾಲಂ ಕೂಡ ಸುಮ್ನೆ ಜೊತೆಗೆ ಬಂದುಬಿಡುತ್ತದೆ. ಅಂಟಿಸುವಾಗ Paste Special, ಅದರಲ್ಲಿ Values. ಈಗ ಮೊತ್ತದ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಬರೀ ಅಂಕಿ ಸಿಗಬೇಕು.

ಸರಾಸರಿಯ ವಿಷಯ ಇದಕ್ಕಿಂತ ನನ್ನನ್ನು ಜಾಸ್ತಿ ಕಾಡಿತು. ಮಡಗಾಂವ್ ಶಾಖೆಯಲ್ಲಿ ಇಬ್ಬರೇ ಇದ್ದಾರೆ, ಸರಾಸರಿ ಸಂಬಳ 42,000 ಎಂದುಕೊಳ್ಳಿ. ಇಬ್ಬರದೂ ಸೇರಿ 84,000. ತನಗೆ 38,000 ಬರುತ್ತದೆ ಎಂದು ಗೊತ್ತಿರುವವರು ಕಳೆದು ನೋಡಿದರೆ ಪಕ್ಕದವರದು 46,000. ಹೆಸರೇ ಇಲ್ಲ, ಆದರೂ ಗುಟ್ಟು ರಟ್ಟಾಯಿತು. ದರದ್ದೂ ಇದೇ ಕಥೆ. ರಟ್ಟಿನ ಡಬ್ಬ ಕೊಡುವವರು ಒಬ್ಬರೇ ಇದ್ದರೆ, “ಡಬ್ಬಗಳ ಖರ್ಚು” ಮತ್ತು “ಡಬ್ಬಗಳ ಸಂಖ್ಯೆ” ಅಕ್ಕಪಕ್ಕ ಬಂದರೆ ಸಾಕು. ಭಾಗಿಸಿದರೆ ಅವರ ದರ ಸಿಗುತ್ತದೆ. ಅದು ಇನ್ನೊಬ್ಬ ಸಪ್ಲೈಯರ್ ಕಿವಿಗೆ ಬಿದ್ದರೆ ಮುಂದಿನ ಚೌಕಾಸಿಯಲ್ಲಿ ನಿಮ್ಮ ಕಚೇರಿಗೇ ನಷ್ಟ.

ಚಿಕ್ಕ ಶಾಖೆಯನ್ನು ಪುಣೆಯ ಜೊತೆ ಸೇರಿಸಿ ಒಂದೇ ಸಾಲು ಮಾಡಿ. ಆದರೆ ಪುಣೆಯ ಅಂಕಿ ಬೇರೆಲ್ಲೂ ಒಂಟಿಯಾಗಿ ಕಾಣಬಾರದು, ಕಂಡರೆ ಮತ್ತೆ ಕಳೆದು ನೋಡಬಹುದು. ಡಬ್ಬಗಳ ಸಂಖ್ಯೆ ಖರೀದಿ ವಿಭಾಗದವರಿಗೆ ಬೇಕು, ಉಳಿದವರಿಗೆ ಬೇಡ. ಅದನ್ನು ಬೇರೆ ಫೈಲಿನಲ್ಲಿ ಅವರಿಗಷ್ಟೇ ಕಳಿಸಿ.

ಇದುವರೆಗೆ ಹೋದ ಫೈಲುಗಳ ಬಗ್ಗೆ ನಾಳೆಯೇ ನಿಮ್ಮ ಮೇಲಿನವರಿಗೆ ಬರೆದು ತಿಳಿಸಿ. ಯಾವ ತಿಂಗಳಿಂದ, ಯಾರ್‍ಯಾರಿಗೆ, ಯಾವ ಕಾಲಂ ಹೋಗಿದೆ ಎಂದು ಬರೆಯಿರಿ. ಶಾಖೆಗಳಲ್ಲಿ ಅಳಿಸಲು ಹೇಳುವುದು, ಸಂಬಳ ಬಯಲಾಗಿರಬಹುದಾದವರಿಗೆ ತಿಳಿಸುವುದು ಅವರ ಕೆಲಸ.