ಬೈಗುಳ ಮತ್ತು ನುಡಿಗಟ್ಟು ಯಂತ್ರಾನುವಾದದಲ್ಲಿ ಕೆಡುವುದೇಕೆ

ಪ್ರಶ್ನೆ: ಅನುವಾದ ಮಾಡುವ ಆ್ಯಪ್‌ಗಳು ಬೈಗುಳ, ನುಡಿಗಟ್ಟುಗಳನ್ನು ಯಾಕೆ ಹೀಗೆ ಕೆಡಿಸುತ್ತವೆ? ತಪ್ಪಾಗಿದೆ ಎಂದು ಓದುವವರಿಗೆ ಗೊತ್ತಾಗುವುದು ಹೇಗೆ?

ಉತ್ತರ: ಇಂಗ್ಲಿಷಿನ ‘ಬ್ಲಡಿ ಫೂಲ್’ ಎಂಬ ಬೈಗುಳವು ‘ರಕ್ತಸಿಕ್ತ ಮೂರ್ಖ’ ಎಂದು ಅನುವಾದವಾಯಿತು ಎನ್ನೋಣ. ಯಂತ್ರವು ಕಲಿಯುವುದು ಎರಡು ಭಾಷೆಗಳಲ್ಲಿ ಜೋಡಿಯಾಗಿ ದೊರೆಯುವ ವಾಕ್ಯಗಳಿಂದ. ಅವುಗಳಲ್ಲಿ ಸುದ್ದಿ, ಸರ್ಕಾರಿ ದಾಖಲೆ, ಧರ್ಮಗ್ರಂಥಗಳ ಪಾಲು ದೊಡ್ಡದಾಗಿರುವುದರಿಂದ, ‘ಬ್ಲಡಿ’ ಎಂಬ ಪದವು ಹೆಚ್ಚಾಗಿ ನಿಜವಾದ ರಕ್ತದ ಅರ್ಥದಲ್ಲೇ ಎದುರಾಗುತ್ತದೆ. ಸಿಟ್ಟಿನಲ್ಲಿ ಆಡುವ ಮಾತು ಅಲ್ಲಿ ವಿರಳ. ಇದ್ದರೂ ಅಸಭ್ಯವೆಂದು ಮೊದಲೇ ಸೋಸಿ ತೆಗೆದಿರಬಹುದು. ನುಡಿಗಟ್ಟಿನ ತೊಡಕು ಸ್ವಲ್ಪ ಬೇರೆ: ‘ಕಿವಿಗೆ ಹೂ ಮುಡಿಸುವುದು’ ಎಂಬಲ್ಲಿ ಮೋಸದ ಅರ್ಥವು ಕಿವಿಯಲ್ಲೂ ಇಲ್ಲ, ಹೂವಿನಲ್ಲೂ ಇಲ್ಲ, ಇಡೀ ಜೋಡಣೆಯಲ್ಲಿದೆ.

ಹಿಂದೆಮುಂದೆ ಎಲ್ಲಿಯೂ ಸುಳಿವಿಲ್ಲದ ರಕ್ತವೋ ಹೂವೋ ಒಂದೇ ವಾಕ್ಯದಲ್ಲಿ ಕಾಣಿಸಿಕೊಂಡು ಮಾಯವಾದರೆ ಅನುಮಾನಿಸಬೇಕು. ಅನುವಾದವನ್ನು ಮೂಲ ಭಾಷೆಗೆ ಮರಳಿಸಿ ನೋಡುವ ರೂಢಿಯನ್ನು ಇಲ್ಲಿ ನಾನು ನಂಬುವುದಿಲ್ಲ, ಏಕೆಂದರೆ ಪದಶಃ ಮಾಡಿದ ಅನುವಾದವು ಪದಶಃ ಹಿಂದಿರುಗಿ ಸರಿಯಾಗಿಯೇ ಇದ್ದಂತೆ ತೋರುತ್ತದೆ. ಬೈಗುಳವನ್ನು ಸದ್ದಿಲ್ಲದೆ ಬಿಟ್ಟುಬಿಟ್ಟಿರುವ ನಯವಾದ ವಾಕ್ಯವನ್ನು ಹಿಡಿಯುವುದು ಇನ್ನೂ ಕಷ್ಟ. ಸಾಧಾರಣ ಮಾತೊಂದಕ್ಕೆ ಎದುರಿನವರು ವಿಪರೀತ ಕೆರಳಿದ್ದರೆ, ನಡುವೆ ಏನೋ ಕಳೆದುಹೋಗಿದೆ ಎಂದೇ ಭಾವಿಸಿ ಮೂಲವಾಕ್ಯವನ್ನು ಆ ಭಾಷೆ ಬಲ್ಲವರಿಗೆ ತೋರಿಸಬೇಕು.